ಆರನೇ ಪದದಲ್ಲಿ ಕೂತಿದ್ದ ಮಿಕ್ಸಿ: ಒಂದು ವಿಡಿಯೊ ಟೈಟಲ್‌ನ ಪ್ರಕರಣ ಅಧ್ಯಯನ

ಹಾಸನದಲ್ಲಿ ನಮಗೆ ಗೊತ್ತಿರುವ ಒಬ್ಬ ಅಣ್ಣ ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಮಾಡುತ್ತಾರೆ. ಕೈ ಬಹಳ ಚೆನ್ನಾಗಿದೆ, ಮಾತೂ ಅಷ್ಟೇ. ಕೆಲಸ ಮಾಡುತ್ತಲೇ ಫೋನ್ ನಿಲ್ಲಿಸಿ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುತ್ತಿದ್ದರು. ಎಡಿಟಿಂಗ್ ಮತ್ತು ಅಪ್‌ಲೋಡ್ ನನ್ನ ಪಾಲಿಗೆ ಬಂದಿತ್ತು. ಟೈಟಲ್ ಮಾತ್ರ ಅವರೇ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಈ ಬರಹ ಅವರ ಒಂದೇ ಒಂದು ವಿಡಿಯೊ ಬಗ್ಗೆ. ಅದಕ್ಕೆ ನಾವು ಮೂರು ಸಲ ಟೈಟಲ್ ಇಟ್ಟೆವು. ಮೊದಲನೆಯದು ಯಾರಿಗೂ ಕಾಣಲಿಲ್ಲ. ಎರಡನೆಯದು ಬೇಡದವರನ್ನು ಕರೆತಂದಿತು. ಮೂರನೆಯದು ಇವತ್ತಿಗೂ ಇದೆ.

ವಿಡಿಯೊ ಇದ್ದದ್ದು ಮಿಕ್ಸಿ ಜಾರ್ ಸೋರುವುದರ ಬಗ್ಗೆ. ಜಾರ್‌ನ ತಳದಲ್ಲಿ ಬ್ಲೇಡಿನ ಶಾಫ್ಟ್ ಬುಶ್ ಅನ್ನುವ ಒಂದು ಸಣ್ಣ ಕೊಳವೆಯ ಒಳಗೆ ತಿರುಗುತ್ತದೆ. ವರ್ಷಗಟ್ಟಲೆ ತಿರುಗಿ ಬುಶ್ ಸವೆದರೆ ಶಾಫ್ಟ್ ಅಲ್ಲಾಡಲು ಶುರುವಾಗುತ್ತದೆ, ವಾಶರ್ ಹಾಳಾಗುತ್ತದೆ, ಗ್ರೀಸ್ ಸೇರಿದ ಕಪ್ಪು ನೀರು ಕೆಳಗೆ ಇಳಿಯುತ್ತದೆ. ಅದು ಮೋಟಾರ್ ಒಳಗೆ ಹೋದರೆ ಇನ್ನೂ ದೊಡ್ಡ ಖರ್ಚು. ಅಣ್ಣ ಹಳೇ ಬುಶ್ ತೆಗೆದು ಹೊಸದು ಹಾಕುವುದನ್ನು ಒಂಬತ್ತು ನಿಮಿಷದಲ್ಲಿ ತೋರಿಸಿದ್ದರು. ಅವರು ಹೇಳಿದ ಟೈಟಲ್ ಇದು:

ಮನೆಯಲ್ಲೇ ಸುಲಭವಾಗಿ ಯಾರು ಬೇಕಾದರೂ ಮಾಡಬಹುದಾದ ಮಿಕ್ಸಿ ಜಾರ್ ಬುಶ್ ಬದಲಾವಣೆ

ಓದಲು ಏನೂ ತಪ್ಪಿಲ್ಲ, ಅಲ್ವಾ? ಕನ್ನಡವೂ ಸರಿಯಾಗಿದೆ. ಆದರೆ ಮೂರು ವಾರ ಕಳೆದರೂ ನೆಂಟರು, ಅಕ್ಕಪಕ್ಕದ ಅಂಗಡಿಯವರು ಬಿಟ್ಟರೆ ಯಾರೂ ನೋಡಲಿಲ್ಲ. ಅಣ್ಣ ಬೇಜಾರಾಗಿ, "ಜನಕ್ಕೆ ರಿಪೇರಿ ಬೇಡಮ್ಮ, ಹೊಸದೇ ಬೇಕು" ಅಂದರು.

ನಾನು ಟೈಟಲ್ ಅನ್ನು ಫೋನಿನಲ್ಲಿ, ಹುಡುಕುವವರ ಕಣ್ಣಿನಿಂದ ನೋಡಿದೆ. ಪದಗಳನ್ನು ಎಣಿಸಿ. ಮನೆಯಲ್ಲೇ, ಸುಲಭವಾಗಿ, ಯಾರು, ಬೇಕಾದರೂ, ಮಾಡಬಹುದಾದ. ಐದು ಪದ ಮುಗಿದರೂ ಇದು ಯಾವುದರ ವಿಡಿಯೊ ಅಂತ ಗೊತ್ತಾಗುವುದಿಲ್ಲ. ಉಪ್ಪಿನಕಾಯಿ ಇರಬಹುದು, ಯೋಗಾಸನ ಇರಬಹುದು. ಮಿಕ್ಸಿ ಬರುವುದು ಆರನೇ ಪದದಲ್ಲಿ. ಸೋರುವ ವಿಷಯವಂತೂ ಟೈಟಲ್‌ನಲ್ಲೇ ಇಲ್ಲ. ಜಾರ್ ಯಾಕೆ ಬಿಚ್ಚಬೇಕು ಅನ್ನುವುದನ್ನು ನೋಡುವವರೇ ಊಹಿಸಬೇಕು.

ಇಲ್ಲಿ ಕನ್ನಡದ್ದೇ ಒಂದು ಸಂಗತಿ ಇದೆ. ನಮ್ಮ ಭಾಷೆಯಲ್ಲಿ ವಿಶೇಷಣಗಳೆಲ್ಲ ವಸ್ತುವಿಗಿಂತ ಮೊದಲು ಬರುತ್ತವೆ. 'ಮಾಡುವ', 'ಮಾಡಬಹುದಾದ', 'ಎಲ್ಲರಿಗೂ ಇಷ್ಟವಾಗುವ' ಅಂತ ಎಷ್ಟು ಬೇಕಾದರೂ ಪೋಣಿಸುತ್ತಾ ಹೋಗಬಹುದು, ವ್ಯಾಕರಣ ತಡೆಯುವುದಿಲ್ಲ. ಕೊನೆಗೆ ಹೆಸರುಪದ ರೈಲಿನ ಗಾರ್ಡ್ ಡಬ್ಬಿಯ ಹಾಗೆ ಹಿಂದೆ ಬರುತ್ತದೆ. ಆದರೆ ಅದೇ ಮಾತನ್ನು ಕ್ರಿಯೆಯಲ್ಲಿ ಹೇಳಿದರೆ ಕನ್ನಡ ಹೆಸರುಪದವನ್ನು ತಾನಾಗಿ ಮುಂದಕ್ಕೆ ತರುತ್ತದೆ: 'ಮಿಕ್ಸಿ ಜಾರ್ ಬುಶ್ ಬದಲಾಯಿಸೋದು ಹೇಗೆ'. ಇಂಗ್ಲಿಷ್ ಟೈಟಲ್‌ಗಳಲ್ಲಿ 'How to' ಮೊದಲು ಬಂದು ಜಾಗ ತಿನ್ನುತ್ತದೆ, ನಮ್ಮಲ್ಲಿ 'ಹೇಗೆ' ಕೊನೆಗೆ ಬರುತ್ತದೆ. ನಮಗೆ ಪುಕ್ಕಟೆ ಸಿಕ್ಕಿದ ಅನುಕೂಲ ಇದು. ಅದನ್ನು ನಾವೇ ಕೃದಂತ ಪೋಣಿಸಿ ಕಳೆದುಕೊಳ್ಳುತ್ತೇವೆ.

ಮೊದಲ ಪದಗಳಿಗೆ ಯೂಟ್ಯೂಬ್ ಗುಟ್ಟಾಗಿ ಜಾಸ್ತಿ ಅಂಕ ಕೊಡುತ್ತದೆ ಅಂತ ಹೇಳುವವರು ಬಹಳ ಜನ ಇದ್ದಾರೆ. ಯೂಟ್ಯೂಬ್ ಹಾಗೆ ಹೇಳಿಲ್ಲ. ಹುಡುಕಾಟದಲ್ಲಿ ಅದು ನೋಡುವುದು ಮೂರು ವಿಷಯ ಅಂತ ಹೇಳಿದೆ. ಹುಡುಕಿದ ಪದಕ್ಕೆ ಟೈಟಲ್, ವಿವರಣೆ, ವಿಡಿಯೊ ಎಷ್ಟು ಹೊಂದುತ್ತವೆ. ಆ ಪದ ಹುಡುಕಿ ಬಂದವರು ಎಷ್ಟು ಹೊತ್ತು ನೋಡಿದರು. ಆ ವಿಷಯದಲ್ಲಿ ಚಾನೆಲ್ ನಂಬಿಕಸ್ಥವೇ. ಮೊದಲ ಪದಗಳ ಬೆಲೆ ಇರುವುದು ಮನುಷ್ಯರ ಕಣ್ಣಿನಲ್ಲಿ. ಫಲಿತಾಂಶಗಳ ಮೇಲೆ ಹೆಬ್ಬೆರಳು ಆಡಿಸುವವರು ಎಡಗಡೆಯ ಎರಡು ಮೂರು ಪದ ನೋಡಿ ಮುಂದೆ ಹೋಗುತ್ತಾರೆ. ಟೈಟಲ್‌ಗೆ 100 ಅಕ್ಷರದವರೆಗೆ ಜಾಗ ಇದೆ, ಆದರೆ ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲ, ಬಾಲ ಮೂರು ಚುಕ್ಕೆಯಾಗುತ್ತದೆ. ಮುಖ್ಯ ಮಾತು ಮೊದಲು ಇರಲಿ, ಚಾನೆಲ್ ಹೆಸರು ಮತ್ತು ಕಂತಿನ ಸಂಖ್ಯೆ ಕೊನೆಗೆ ಹೋಗಲಿ ಅನ್ನುವುದು ಯೂಟ್ಯೂಬ್‌ನ ಸಲಹೆಯೂ ಹೌದು.

ಆ 100ರ ಲೆಕ್ಕವೂ ನಾವು ಅಂದುಕೊಂಡ ಹಾಗಿಲ್ಲ. ನಮ್ಮ ಕಣ್ಣಿಗೆ 'ಮಿಕ್ಸಿ' ಎರಡು ಅಕ್ಷರ. ಕಂಪ್ಯೂಟರ್‌ಗೆ ಅದು ಆರು: ಮ, ಗುಡಿಸು, ಕ, ಹಲಂತದ ಗುರುತು, ಸ, ಮತ್ತೆ ಗುಡಿಸು. `Mixi` ಅಂತ ಬರೆದರೆ ನಾಲ್ಕು. ಅಣ್ಣನ ಟೈಟಲ್ ನೋಡಲು ಚಿಕ್ಕದಿದ್ದರೂ 65 ಜಾಗ ತಿಂದಿತ್ತು. ಅದರಲ್ಲಿ ಮೊದಲ 41 'ಮಿಕ್ಸಿ'ಗೆ ಮುಂಚೆಯೇ ಖರ್ಚಾಗಿದ್ದವು.

ನಾನು ಅವಸರದಲ್ಲಿ ಮಾಡಿದ ಎರಡನೇ ಟೈಟಲ್ ಇದು:

ಮಿಕ್ಸಿ ರಿಪೇರಿ ಮನೆಯಲ್ಲೇ | Mixi repair Kannada

ನನ್ನ ಲೆಕ್ಕ ಸರಳವಾಗಿತ್ತು. ಜನ ಜಾಸ್ತಿ ಹುಡುಕುವ ಪದ ಮುಂದೆ ಇರಲಿ. ಎರಡು ವಾರದಲ್ಲಿ ವಿಡಿಯೊ ಹುಡುಕಾಟದಲ್ಲಿ ಕಾಣಿಸಿಕೊಳ್ಳುವುದು ಕಣ್ಣಿಗೆ ಹೊಡೆಯುವ ಹಾಗೆ ಏರಿತು, ಕ್ಲಿಕ್ಕೂ ಬಂತು. ಅಣ್ಣ ಖುಷಿಯಾದರು. ನಾನೂ ಎರಡು ದಿನ ಖುಷಿಯಾಗಿದ್ದೆ, ಆಮೇಲೆ ಬಂದವರು ಎಷ್ಟು ಹೊತ್ತು ಇದ್ದರು ಅಂತ ನೋಡಿದೆ. ಒಂಬತ್ತು ನಿಮಿಷದ ವಿಡಿಯೊದಲ್ಲಿ ಸರಾಸರಿ ಒಂದು ನಿಮಿಷವೂ ಇರಲಿಲ್ಲ.

ಯಾಕೆ ಅಂತ ಕೆಳಗಿದ್ದ ಕಾಮೆಂಟ್‌ಗಳೇ ಹೇಳಿದವು. "ನಮ್ಮ ಮಿಕ್ಸಿ ಆನ್ ಆಗ್ತಿಲ್ಲ, ಅದು ಹೇಳಿ." "ಸುಟ್ಟ ವಾಸನೆ ಬರ್ತಿದೆ." "ಸ್ವಿಚ್ ಹೋಗಿದೆ." 'ಮಿಕ್ಸಿ ರಿಪೇರಿ' ಅಂತ ಹುಡುಕುವವರಲ್ಲಿ ಜಾರ್ ಸೋರುವವರು ಒಂದು ಪಾಲು ಮಾತ್ರ. ಉಳಿದವರ ಮನೆಯಲ್ಲಿ ಬೇರೆ ಬೇರೆ ತೊಂದರೆ. ಅವರು ಬಂದರು, ಜಾರ್ ನೋಡಿದರು, ಹೋದರು. ಪದ ಹೊಂದಿತು, ಬಂದವರ ಬಯಕೆ ಹೊಂದಲಿಲ್ಲ. ಆ ಪದಕ್ಕೆ ಬಂದವರು ತಕ್ಷಣ ಹೊರಟರೆ ಯೂಟ್ಯೂಬ್‌ಗೂ ಅದು ಗೊತ್ತಾಗುತ್ತದೆ. ಸ್ವಲ್ಪ ದಿನದಲ್ಲೇ ಆ ಪದಕ್ಕೆ ನಮ್ಮ ವಿಡಿಯೊ ಕೆಳಗೆ ಜಾರಿತು.

ಹುಡುಕಾಟದ ಉದ್ದೇಶದ ಬಗ್ಗೆ ಓದಿದರೆ ಎಲ್ಲರೂ ಕಂಪ್ಯೂಟರ್ ವಿಜ್ಞಾನಿ ಆಂಡ್ರೇ ಬ್ರೋಡರ್ ಅವರ 2002ರ ವಿಂಗಡಣೆಯಿಂದ ಶುರು ಮಾಡುತ್ತಾರೆ. ಅವರು ಅಲ್ಟಾವಿಸ್ಟಾ ಅನ್ನುವ ಆಗಿನ ಸರ್ಚ್ ಎಂಜಿನ್‌ನ ಹುಡುಕಾಟಗಳನ್ನು ನೋಡಿ ಮೂರು ಗುಂಪು ಮಾಡಿದ್ದರು: ಮಾಹಿತಿಗಾಗಿ ಹುಡುಕುವುದು, ಒಂದು ನಿರ್ದಿಷ್ಟ ಸೈಟಿಗೆ ಹೋಗಲು ಹುಡುಕುವುದು, ಏನಾದರೂ ಕೆಲಸ ಮುಗಿಸಲು ಹುಡುಕುವುದು. ಒಳ್ಳೆಯ ವಿಂಗಡಣೆಯೇ. ಆದರೆ ರಿಪೇರಿ ವಿಡಿಯೊಗೆ ಅದರಿಂದ ನನಗೆ ಹೆಚ್ಚು ಉಪಯೋಗ ಆಗಲಿಲ್ಲ, ಯಾಕಂದರೆ ನಮ್ಮವರೆಲ್ಲ ಮೊದಲ ಗುಂಪಿನಲ್ಲೇ ಬರುತ್ತಾರೆ. ನಮಗೆ ಬೇಕಿದ್ದದ್ದು ಆ ಗುಂಪಿನ ಒಳಗಿನ ಬಿರುಕು. ಅದು ಸಿಕ್ಕಿದ್ದು ಅಣ್ಣನ ಅಂಗಡಿಯ ನೋಟ್‌ಬುಕ್ಕಿನಲ್ಲಿ.

ರಿಪೇರಿಗೆ ಬಂದ ಪ್ರತಿ ಸಾಮಾನಿಗೂ ಅಣ್ಣ ಒಂದು ಸಾಲು ಬರೆಯುತ್ತಾರೆ: ಹೆಸರು, ಫೋನ್ ನಂಬರ್, ಕಂಪ್ಲೇಂಟ್, ಮಾಡಿದ ಕೆಲಸ. ಕಂಪ್ಲೇಂಟ್ ಕಾಲಂನಲ್ಲಿ ಗಿರಾಕಿ ಬಾಯಲ್ಲಿ ಬಂದದ್ದನ್ನು ಹಾಗೇ ಬರೆಯುತ್ತಾರೆ. "ಜಾರ್ ಲೀಕ್." "ಚಿಕ್ ಜಾರ್ ಸೋರ್ತದೆ." "ಕೆಳಗೆ ಕರೀ ನೀರು." "ಗರ್ ಅಂತದೆ, ತಿರುಗಲ್ಲ." ಪುಟಗಟ್ಟಲೆ ತಿರುಗಿಸಿದರೂ 'ಬುಶ್' ಅನ್ನುವ ಪದ ಗಿರಾಕಿ ಬಾಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಬುಶ್ ಅನ್ನುವುದು ಪಕ್ಕದ ಕಾಲಂನಲ್ಲಿತ್ತು, ಅಣ್ಣ ಏನು ಮಾಡಿದರು ಅನ್ನುವ ಕಾಲಂನಲ್ಲಿ.

ಅಂದರೆ ನಮ್ಮ ಮೊದಲ ಟೈಟಲ್ ಅಣ್ಣನ ಕೆಲಸದ ಕಾಲಂನ ಭಾಷೆಯಲ್ಲಿತ್ತು. ಹುಡುಕುವವರು ಕಂಪ್ಲೇಂಟ್ ಕಾಲಂನ ಭಾಷೆಯಲ್ಲಿ ಹುಡುಕುತ್ತಾರೆ. ರೋಗಿ ಡಾಕ್ಟರ್ ಹತ್ತಿರ ಹೊಟ್ಟೆನೋವು ಅನ್ನುತ್ತಾರೆ, ರೋಗದ ಹೆಸರು ಹೇಳುವುದಿಲ್ಲ. ಇಲ್ಲೂ ಅಷ್ಟೇ.

ಇದನ್ನು ಇಟ್ಟುಕೊಂಡು ಯೂಟ್ಯೂಬ್ ಹುಡುಕಾಟದ ಪೆಟ್ಟಿಗೆಗೆ ಹೋದೆವು. ಅಕೌಂಟ್‌ನಿಂದ ಹೊರಬಂದು, ಇನ್‌ಕಾಗ್ನಿಟೊ ವಿಂಡೊದಲ್ಲಿ. ಇಲ್ಲದಿದ್ದರೆ ನಾವೇ ಹುಡುಕಿದ್ದನ್ನು ಅದು ನಮಗೇ ವಾಪಸ್ ತೋರಿಸುತ್ತದೆ. `mixi jar` ಅಂತ ಬರೆದು ಒಂದು ಸ್ಪೇಸ್ ಕೊಟ್ಟು ಸುಮ್ನೆ ನಿಲ್ಲುವುದು. ಕೆಳಗೆ ಬರುವ ಸಲಹೆಗಳನ್ನು ಬರೆದುಕೊಳ್ಳುವುದು. ಆಮೇಲೆ `mixie jar`, `mixer jar`, ಕನ್ನಡ ಲಿಪಿಯಲ್ಲಿ 'ಮಿಕ್ಸಿ ಜಾರ್'. ಸಲಹೆ ಬಂತು ಅಂದರೆ ಆ ರೀತಿ ಹುಡುಕುವವರು ಇದ್ದಾರೆ ಅಂತ ಅರ್ಥ, ಎಷ್ಟು ಜನ ಅಂತ ಅದು ಹೇಳುವುದಿಲ್ಲ.

ಬರೆದುಕೊಂಡದ್ದನ್ನು ನೋಟ್‌ಬುಕ್ ಜೊತೆ ಇಟ್ಟು ನೋಡಿದಾಗ ಮೂರು ಥರದ ಜನ ಕಂಡರು. `mixi jar leak` ಅನ್ನುವವರ ಅಡುಗೆಮನೆ ಕಟ್ಟೆ ಈಗ ಒದ್ದೆಯಾಗಿದೆ. ಯಾಕೆ ಸೋರುತ್ತಿದೆ, ಮನೆಯಲ್ಲಿ ಸರಿಹೋಗುತ್ತದಾ ಅನ್ನುವುದು ಅವರ ಪ್ರಶ್ನೆ. `mixi jar bush change` ಅನ್ನುವವರಿಗೆ ಕಾರಣ ಆಗಲೇ ಗೊತ್ತು. ಬುಶ್ ತಂದಿಟ್ಟುಕೊಂಡಿರಬಹುದು, ಕೆಲಸ ಕಲಿಯುವ ಹುಡುಗರಿರಬಹುದು. ಅವರಿಗೆ ಕೈಚಳಕ ಮಾತ್ರ ಬೇಕು. `mixi jar price` ಅನ್ನುವವರು ರಿಪೇರಿಯ ಆಸೆ ಬಿಟ್ಟವರು, ಅವರಿಗೆ ನಮ್ಮಲ್ಲಿ ಏನೂ ಇಲ್ಲ. ಮೊದಲ ಎರಡು ಪದ ಮೂವರಲ್ಲೂ ಒಂದೇ. ಬಯಕೆ ಕವಲೊಡೆಯುವುದು ಮೂರನೇ ಪದದಲ್ಲಿ. ಹಾಗಾಗಿ ನಮ್ಮ ಟೈಟಲ್‌ನ ಮೂರನೇ ಪದ ಯಾವುದು ಅನ್ನುವುದೇ ನಾವು ಮಾಡಬೇಕಿದ್ದ ಆಯ್ಕೆ.

ಅಣ್ಣ 'ಬುಶ್' ಬಿಡಲು ಒಪ್ಪಲಿಲ್ಲ. "ವಿಡಿಯೊದಲ್ಲಿ ಇರೋದೇ ಅದು ಕಣಮ್ಮ, ಅದನ್ನೇ ಬಿಟ್ಟರೆ ಹೇಗೆ?" ಅವರ ಮಾತಲ್ಲೂ ನ್ಯಾಯ ಇತ್ತು. ಜಾರ್ ಸೋರುವುದಕ್ಕೆಲ್ಲ ಬುಶ್ ಕಾರಣ ಅಲ್ಲ. ಕೆಲವು ಸಲ ವಾಶರ್ ಮಾತ್ರ ಹೋಗಿರುತ್ತದೆ, ಕೆಲವು ಸಲ ತಳವೇ ಬಿರುಕು ಬಿಟ್ಟಿರುತ್ತದೆ. 'ಲೀಕ್' ಅಂತ ಮುಂದೆ ಹಾಕಿದರೆ ಆ ಜನವೂ ಬರುತ್ತಾರೆ, ಅವರಿಗೂ ಏನಾದರೂ ಹೇಳಬೇಕಾಗುತ್ತದೆ. ನಾನು ವಿಡಿಯೊ ಮತ್ತೆ ನೋಡಿದೆ. ಅದೃಷ್ಟಕ್ಕೆ ಅಣ್ಣ ಅದನ್ನು ಹೇಳಿಯೇ ಇದ್ದರು. ಜಾರ್ ಬೋರಲು ಹಾಕಿ, ತಳದಲ್ಲಿ ಮೋಟಾರಿಗೆ ಕೂರುವ ಕಪ್ಲರ್ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಬುಶ್ ಸವೆದಿದೆ. ಗಟ್ಟಿಯಾಗಿದ್ದರೆ ವಾಶರ್ ನೋಡಿ, ಬುಶ್ ಮುಟ್ಟಬೇಡಿ. ಆದರೆ ಈ ಮಾತು ಬರುತ್ತಿದ್ದದ್ದು ಎರಡನೇ ನಿಮಿಷದ ಹತ್ತಿರ. ಅದಕ್ಕೆ ಮುಂಚೆ ನಮಸ್ಕಾರ, ಅಂಗಡಿಯ ವಿಳಾಸ, ಬೆಲ್ ಐಕಾನ್ ಒತ್ತಿ ಅನ್ನುವ ಕೋರಿಕೆ.

ಯೂಟ್ಯೂಬ್ ಸ್ಟುಡಿಯೊದ ಎಡಿಟರ್‌ನಲ್ಲಿ ಅಪ್‌ಲೋಡ್ ಆದ ವಿಡಿಯೊದಿಂದಲೂ ತುಂಡು ಕತ್ತರಿಸಿ ತೆಗೆಯಬಹುದು. ಲಿಂಕ್, ವ್ಯೂಸ್, ಕಾಮೆಂಟ್ ಹಾಗೇ ಉಳಿಯುತ್ತವೆ. ಆ ಮುನ್ನುಡಿಯನ್ನು ಕತ್ತರಿಸಿದೆವು. ಈಗ ವಿಡಿಯೊ ಶುರುವಾಗುವುದೇ ಪೇಪರ್ ಮೇಲೆ ಇಟ್ಟ ಜಾರ್‌ಗೆ ಅಣ್ಣ ನೀರು ತುಂಬುವುದರಿಂದ. ಪೇಪರ್ ನಿಧಾನಕ್ಕೆ ಒದ್ದೆಯಾಗಿ ಕಪ್ಪಗಾಗುತ್ತದೆ. ಟೈಟಲ್‌ನ ಮೊದಲ ಮೂರು ಪದ ಕೊಟ್ಟ ಮಾತನ್ನು ವಿಡಿಯೊದ ಮೊದಲ ಹತ್ತು ಸೆಕೆಂಡ್ ಕಣ್ಣಿಗೆ ತೋರಿಸುತ್ತದೆ. ನನ್ನ ಪ್ರಕಾರ ಟೈಟಲ್ ಬದಲಾವಣೆಯಷ್ಟೇ ಕೆಲಸ ಈ ಕತ್ತರಿಯೂ ಮಾಡಿತು. ಆದರೆ ಲೆಕ್ಕ ಕೆಡಬಾರದು ಅಂತ ಮೊದಲು ಕತ್ತರಿಸಿ, ಹತ್ತು ದಿನ ಬಿಟ್ಟು ಟೈಟಲ್ ಬದಲಾಯಿಸಿದೆವು. ಎರಡನ್ನೂ ಒಂದೇ ದಿನ ಮಾಡಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಮೂರನೇ ಟೈಟಲ್:

ಮಿಕ್ಸಿ ಜಾರ್ ಲೀಕ್ ಆಗ್ತಿದ್ರೆ ಹೀಗೆ ಬುಶ್ ಬದಲಾಯಿಸಿ | Mixi jar leak repair Kannada

ಎಲ್ಲ ಸೇರಿ 76 ಜಾಗ. ಮೊದಲ ಮೂರು ಪದಕ್ಕೆ 16. ಅಣ್ಣನ 'ಬುಶ್' ಉಳಿಯಿತು, ಆದರೆ ತೊಂದರೆಯ ಹಿಂದೆ ನಿಂತಿತು.

ಲಿಪಿಯ ಬಗ್ಗೆ ನಾವು ಸುಮಾರು ಹೊತ್ತು ವಾದ ಮಾಡಿದೆವು. ಚಾನೆಲ್‌ಗೆ ಜನ ಯಾವ ಪದ ಹುಡುಕಿ ಬಂದರು ಅನ್ನುವ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೇ ಜಾಸ್ತಿ ಇತ್ತು. ಅದರಲ್ಲೂ ಒಬ್ಬರು `mixi`, ಒಬ್ಬರು `mixy`, ಇನ್ನೊಬ್ಬರು `mixie`. ಹಾಗಿದ್ದರೆ ಮೊದಲ ಪದಗಳೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ ಅನ್ನಿಸುತ್ತದೆ. ನಾನು ಒಪ್ಪಲಿಲ್ಲ. ಟೈಪ್ ಮಾಡುವ ಲಿಪಿ ಬೇರೆ, ಓದಿ ಕ್ಲಿಕ್ ಮಾಡುವ ಲಿಪಿ ಬೇರೆ. ಇಂಗ್ಲಿಷ್ ಕೀಬೋರ್ಡಿನಲ್ಲಿ `mixi jar leak` ಅಂತ ಬರೆಯುವ ಗೃಹಿಣಿಗೆ ಫಲಿತಾಂಶದಲ್ಲಿ ಹಿಂದಿ, ತಮಿಳು, ತೆಲುಗು ವಿಡಿಯೊಗಳೆಲ್ಲ ಒಟ್ಟಿಗೆ ಬರುತ್ತವೆ. ಅವುಗಳ ನಡುವೆ ಕನ್ನಡ ಅಕ್ಷರದಲ್ಲಿ ಶುರುವಾಗುವ ಸಾಲು ಕಂಡರೆ ಕಣ್ಣು ಅಲ್ಲಿ ನಿಲ್ಲುತ್ತದೆ. ಇದು ನಮ್ಮ ಭಾಷೆಯಲ್ಲಿದೆ ಅಂತ ಹೇಳಲು ಬೇರೆ ಪದವೇ ಬೇಡ, ಲಿಪಿಯೇ ಸಾಕು. ಅದಕ್ಕೆ ಕಣ್ಣಿಗೆ ಬೇಕಾದದ್ದು ಮುಂದೆ, ಹುಡುಕಾಟಕ್ಕೆ ಬೇಕಾದದ್ದು ಗೆರೆಯ ಆಚೆ. ಉಳಿದ ಕಾಗುಣಿತಗಳು ಟ್ಯಾಗ್‌ಗೆ ಹೋದವು. ತಪ್ಪು ಕಾಗುಣಿತ ಹಿಡಿಯುವುದು ಬಿಟ್ಟರೆ ಟ್ಯಾಗ್‌ಗೆ ಈಗ ಅಂಥ ಕೆಲಸವೂ ಇಲ್ಲ.

'ಲೀಕ್' ಯಾಕೆ, 'ಸೋರು' ಯಾಕೆ ಅಲ್ಲ? ನನಗೆ ಸೋರುವುದೇ ಇಷ್ಟ. ಮಾಳಿಗೆ ಸೋರುತ್ತದೆ, ಕೊಡ ಸೋರುತ್ತದೆ, ಜಾರ್ ಯಾಕೆ ಸೋರಬಾರದು? ಆದರೆ ಟೈಪ್ ಮಾಡಿದ ಪಟ್ಟಿಯಲ್ಲಿ `leak` ಇತ್ತು, ಸೋರು ಇರಲಿಲ್ಲ. ಅಂಗಡಿಗೆ ಬರುವ ವಯಸ್ಸಾದವರು ಬಾಯಲ್ಲಿ ಸೋರ್ತದೆ ಅನ್ನುತ್ತಾರೆ. ಫೋನಿಗೆ ಮಾತಾಡಿ ಹುಡುಕುವವರೂ ಹಾಗೇ ಅನ್ನಬಹುದು ಅಂತ ವಿವರಣೆಯ ಮೊದಲ ಸಾಲಿನಲ್ಲಿ 'ಮಿಕ್ಸಿ ಜಾರ್ ಕೆಳಗಡೆ ಸೋರ್ತಾ ಇದ್ದರೆ' ಅಂತ ಹಾಕಿದೆವು.

ಕೆಲಸ ಆಯಿತೋ ಇಲ್ಲವೋ ಅಂತ ನೋಡುವ ಜಾಗ ಒಂದೇ. ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ `Traffic source`, ಅದರೊಳಗೆ `YouTube search`. ಅಲ್ಲಿ ಪ್ರತಿ ಹುಡುಕಾಟದ ಪದಕ್ಕೂ ಎಷ್ಟು ವ್ಯೂಸ್, ಸರಾಸರಿ ಎಷ್ಟು ಹೊತ್ತು ನೋಡಿದರು ಅಂತ ಬೇರೆ ಬೇರೆ ಸಿಗುತ್ತದೆ. ಇಡೀ ವಿಡಿಯೊದ ಸರಾಸರಿ ನೋಡಿದರೆ ಎಲ್ಲ ಕಲಸಿಹೋಗುತ್ತದೆ. ಪದದ ಸಾಲಿನಲ್ಲಿ ನೋಡಿದಾಗ ಲೀಕ್ ಹುಡುಕಿ ಬಂದವರು ಸುಮಾರು ಅರ್ಧ ವಿಡಿಯೊ ನೋಡುತ್ತಿದ್ದರು. 'ಮಿಕ್ಸಿ ರಿಪೇರಿ' ಅಂತ ಬಂದವರು ಹಾಗೇ ಬೇಗ ಹೋಗುತ್ತಿದ್ದರು, ಆದರೆ ಅವರು ಈಗ ಬರುವುದೇ ಕಡಿಮೆಯಾಗಿತ್ತು. ಅಂದರೆ ವಿಡಿಯೊ ಕಾಣಿಸಿಕೊಳ್ಳುವ ಸಂಖ್ಯೆ ಎರಡನೇ ಟೈಟಲ್‌ಗಿಂತ ಇಳಿಯಿತು. ಅಣ್ಣನಿಗೆ ಇದನ್ನು ಅರ್ಥ ಮಾಡಿಸಲು ಕಷ್ಟವಾಯಿತು. ಕೊನೆಗೆ, "ಅಂಗಡಿ ಮುಂದೆ ಬಸ್ ಸ್ಟ್ಯಾಂಡ್ ಇದ್ದರೆ ಜನ ಜಾಸ್ತಿ ಓಡಾಡ್ತಾರೆ, ಆದರೆ ಮಿಕ್ಸಿ ಹಿಡ್ಕೊಂಡು ಬರೋರು ಎಷ್ಟು ಅಣ್ಣ?" ಅಂದೆ. ತಲೆ ಆಡಿಸಿದರು.

ಕ್ಲಿಕ್ ಪ್ರಮಾಣದ ಬಗ್ಗೆ ಒಂದು ಮಾತು. ವಿಡಿಯೊದ ಚಿತ್ರ ಪರದೆಯ ಮೇಲೆ ಕಡಿಮೆ ಅಂದರೂ ಅರ್ಧ ಕಂಡು ಒಂದು ಸೆಕೆಂಡ್ ದಾಟಿದರೆ ಯೂಟ್ಯೂಬ್ ಅದನ್ನು ಒಂದು ಇಂಪ್ರೆಶನ್ ಅಂತ ಎಣಿಸುತ್ತದೆ. ಅಂಥ ನೂರು ಇಂಪ್ರೆಶನ್‌ಗೆ ಎಷ್ಟು ಕ್ಲಿಕ್ ಬಂತು ಅನ್ನುವುದೇ ಕ್ಲಿಕ್ ಪ್ರಮಾಣ. ಅರ್ಧದಷ್ಟು ಚಾನೆಲ್‌ಗಳ ಕ್ಲಿಕ್ ಪ್ರಮಾಣ 2ರಿಂದ 10 ಶೇಕಡಾ ನಡುವೆ ಇರುತ್ತದೆ ಅಂತ ಅದೇ ಹೇಳುತ್ತದೆ. ಅಷ್ಟು ಅಗಲದ ಗೆರೆಯಲ್ಲಿ ನಿಮ್ಮದು ಎಲ್ಲಿದೆ ಅಂತ ಇನ್ನೊಬ್ಬರ ಚಾನೆಲ್ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ಅದೇ ವಿಡಿಯೊ, ಅದೇ ಹುಡುಕಾಟದ ದಾರಿ, ಟೈಟಲ್ ಮಾತ್ರ ಬೇರೆ. ಹೋಲಿಕೆ ಅಷ್ಟರಲ್ಲೇ ಇರಬೇಕು. ಅದರಲ್ಲೂ ನಮಗೆ ಒಂದು ಅನುಮಾನ ಉಳಿದಿದೆ. ಮೂರನೇ ಟೈಟಲ್ ಇಟ್ಟದ್ದು ಯುಗಾದಿಗೆ ಸ್ವಲ್ಪ ಮುಂಚೆ. ಹಬ್ಬದ ಮುಂಚೆ ಅಂಗಡಿಗೂ ಮಿಕ್ಸಿಗಳು ಜಾಸ್ತಿ ಬರುತ್ತವೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಯೂಟ್ಯೂಬ್ ಹುಡುಕಾಟವನ್ನೇ ಆರಿಸಿ ನೋಡುವ ಅವಕಾಶ ಇದೆ. ನಾವು ನೋಡಿದೆವು, ಆದರೆ ಇಷ್ಟು ಸಣ್ಣ ಪದಕ್ಕೆ ಅದು ಸಾಕಷ್ಟು ಡೇಟಾ ಇಲ್ಲ ಅಂದುಬಿಟ್ಟಿತು. ಹಾಗಾಗಿ ಹಬ್ಬದ ಪಾಲು ಎಷ್ಟು, ಟೈಟಲ್ ಪಾಲು ಎಷ್ಟು ಅಂತ ನಾನು ಬಿಡಿಸಿ ಹೇಳಲಾರೆ. ನೋಡಿದ ಹೊತ್ತು ಜಾಸ್ತಿಯಾದದ್ದು ಮಾತ್ರ ಹಬ್ಬದಿಂದ ಅಲ್ಲ.

ಇದೇ ಸೂತ್ರವನ್ನು ಖುಷಿಯಲ್ಲಿ ಇನ್ನೊಂದು ವಿಡಿಯೊಗೆ ಹಾಕಿ ಕೈ ಸುಟ್ಟುಕೊಂಡದ್ದೂ ಇದೆ. ಒಬ್ಬ ಅಜ್ಜಿ ತಮ್ಮ ಮದುವೆಗೆ ಬಂದಿದ್ದ ಮಿಕ್ಸಿಯನ್ನು ರಿಪೇರಿಗೆ ತಂದಿದ್ದರು. ಅಣ್ಣ ಅದನ್ನು ಬಿಚ್ಚಿ ಮತ್ತೆ ಓಡಿಸಿದರು. ಚೆಂದದ ವಿಡಿಯೊ. ನಾನು 'ಹಳೇ ಮಿಕ್ಸಿ ಮೋಟಾರ್ ಸರ್ವಿಸ್' ಅಂತ ಶುರು ಮಾಡಿದೆ, ಯಾರೂ ಬರಲಿಲ್ಲ. ಅಂಥದ್ದನ್ನು ಯಾರೂ ಹುಡುಕುವುದಿಲ್ಲ. ಅದು ಹೋಮ್ ಪೇಜಿನಲ್ಲಿ ಎದುರಾಗಬೇಕಾದ ವಿಡಿಯೊ. ಅಲ್ಲಿ ನೋಡುವವರಿಗೆ ತೊಂದರೆ ಇಲ್ಲ, ಬಿಡುವಿದೆ. 'ಅಜ್ಜಿ ಮದುವೆಗೆ ಬಂದ ಮಿಕ್ಸಿ' ಅಂತ ಶುರು ಮಾಡಿದ ಮೇಲೆ ಅದು ಓಡಿತು, ಬಂದವರಲ್ಲಿ ಹುಡುಕಿ ಬಂದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಮೊನ್ನೆ ಅಣ್ಣ ಹೊಸ ವಿಡಿಯೊ ಕಳಿಸಿದರು. ಕೆಳಗೆ ಟೈಟಲ್ಲೂ ಬರೆದಿದ್ದರು: 'ಮಿಕ್ಸಿ ಕಪ್ಲರ್ ಬದಲಾವಣೆ'. ಫೋನ್ ಮಾಡಿ, "ನೋಟ್‌ಬುಕ್ಕಲ್ಲಿ ಏನಂತ ಬರೆದಿದ್ದೀರಿ ಅಣ್ಣ?" ಅಂದೆ. ಪುಟ ತಿರುಗಿಸುವ ಸದ್ದು ಕೇಳಿಸಿತು.

"ಗರ್ ಅಂತದೆ, ಜಾರ್ ತಿರುಗಲ್ಲ."

"ಗರ್ ಅನ್ನೋದನ್ನ ಹೇಗೆ ಟೈಪ್ ಮಾಡ್ತಾರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಬಿಡಮ್ಮ. ಮಿಕ್ಸಿ ಓಡುತ್ತೆ, ಬ್ಲೇಡ್ ತಿರುಗಲ್ಲ ಅಂತ ಹಾಕು. ಇವತ್ತು ಬೆಳಿಗ್ಗೆನೂ ಒಬ್ಬರು ಹಾಗೇ ಅಂದ್ರು."